ಅಜ್ಜನಿಗೆ ಭೂತಗನ್ನಡಿ ಕಳಿಸುವಾಗ ಜೊತೆಗಿಡುವ ಕಾಗದ ಹೇಗೆ ಬರೆಯೋದು

ದೂರದ ದೇಶದಿಂದ ಅಜ್ಜನಿಗೆ ಒಂದು ಪೆಟ್ಟಿಗೆ ಹೋಗುತ್ತೆ. ತೆಗೆದು ನೋಡಿದರೆ ಒಳಗೊಂದು ಭೂತಗನ್ನಡಿ. ಮೊಮ್ಮಗಳು ಯಾಕೆ ಕಳಿಸಿದ್ದಾಳೆ ಅಂತ ಸರಿಯಾಗಿ ಬರೆದಿಲ್ಲ. ಅಜ್ಜ ಒಂದು ಸಲ ಕೈಯಲ್ಲಿ ಹಿಡಿದು, "ಚೆನ್ನಾಗಿದೆ" ಅಂದು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಹೀಗೇ ಆಯಿತು. ನಾನು ಮೊದಲು ಕಳಿಸಿದ ಭೂತಗನ್ನಡಿ ಎರಡು ವರ್ಷ ಬೀರುವಿನಲ್ಲೇ ಇತ್ತು. ಅದರ ಜೊತೆ ನಾನು ಬರೆದಿದ್ದು ಒಂದೇ ಸಾಲು: "ಅಜ್ಜಾ, ಈಗ ನಿಮಗೆ ಸರಿಯಾಗಿ ಕಾಣಿಸಲ್ಲವಲ್ಲ, ಅದಕ್ಕೆ ಇದು."

ಅಜ್ಜಿ ಆಮೇಲೆ ಹೇಳಿದರು, ಆ ಸಾಲು ಓದಿ ಅಜ್ಜ ಚೀಟಿಯನ್ನು ಸುಮ್ನೆ ಮಡಿಸಿ ಇಟ್ಟರಂತೆ. ವಸ್ತುವಿನಲ್ಲೂ ತಪ್ಪಿತ್ತು, ಕಾಗದದಲ್ಲೂ ತಪ್ಪಿತ್ತು. ಎರಡನೇ ಸಲ ಎರಡನ್ನೂ ಸರಿಮಾಡಿದೆ. ಏನೇನು ಮಾಡಿದೆ ಅನ್ನೋದನ್ನು ಕ್ರಮವಾಗಿ ಬರೆಯುತ್ತಿದ್ದೇನೆ, ಕೊನೆಗೆ ಕಳಿಸಿದ ಕಾಗದವನ್ನೂ ಪೂರ್ತಿ ಕೊಟ್ಟಿದ್ದೇನೆ.

ಮೊದಲು: ಏನು ನಿಂತುಹೋಗಿದೆ ಅಂತ ಹುಡುಕಿ

"ಯಾಕೆ ಇದನ್ನೇ ಆರಿಸಿದೆ" ಅನ್ನೋದಕ್ಕೆ ಉತ್ತರ ಅಂಗಡಿಯಲ್ಲಿ ಸಿಗಲ್ಲ. ಅಜ್ಜ ದಿನಾ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು ಅಂತ ನೋಡಿ. ಅದರ ಹೆಸರು ನಿಮ್ಮ ಕಾಗದದ ಮೊದಲ ಸಾಲಿನಲ್ಲಿ ಇರಬೇಕು.

ನಮ್ಮ ಅಜ್ಜನಿಗೆ ಅದು ಪದಬಂಧ. ನಾನು ಸ್ಕೂಲಿನಲ್ಲಿದ್ದಾಗ ದಿನಾ ಬೆಳಿಗ್ಗೆ ಒಂದು ಸುಳಿವನ್ನು ನನಗೇಂತ ಬಿಟ್ಟಿಡುತ್ತಿದ್ದರು. ಬೇರೆ ದೇಶಕ್ಕೆ ಬಂದ ಮೇಲೂ ಫೋನಿನಲ್ಲಿ ಕೇಳುತ್ತಿದ್ದರು. ಆಮೇಲೆ ಯಾವಾಗಲೋ ನಿಂತಿತು. ಕೇಳಿದ್ದಕ್ಕೆ "ಈಗಿನ ಪೇಪರ್‌ನಲ್ಲಿ ಏನೂ ಇರಲ್ಲ ಬಿಡು" ಅಂದರು. ನಾನು ನಂಬಿದೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಫೋನನ್ನು ಮೇಜಿನ ಮೇಲೆ ಹಾಗೇ ಇಟ್ಟು ಒಳಗೆ ಹೋದರು. ಅಜ್ಜ ಹಿಂದೆ ಕೂತಿದ್ದರು. ಪೇಪರ್ ಮಡಿಸಿ, ಕೈ ಪೂರ್ತಿ ಚಾಚಿ, ಟ್ಯೂಬ್‌ಲೈಟ್ ಕಡೆಗೆ ತಿರುಗಿಸಿ, ಮತ್ತೆ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತಿದ್ದರು. ಬೆರಳು ಒಂದು ಮನೆಯ ಮೇಲೆ ನಿಂತಿತ್ತು. ಒಂದು ನಿಮಿಷ ಆದ ಮೇಲೆ ಪೇಪರ್ ಕೆಳಗಿಟ್ಟು ಕನ್ನಡಕ ತೆಗೆದರು.

ಪದಬಂಧದಲ್ಲಿ ಸುಳಿವಿಗಿಂತ ಕಷ್ಟದ್ದು ಮನೆಯ ಮೂಲೆಯಲ್ಲಿರುವ ಅಂಕಿ. ಪುಟದಲ್ಲಿ ಅದರಷ್ಟು ಚಿಕ್ಕದು ಇನ್ನೊಂದಿಲ್ಲ. ಸುಳಿವು ಓದಿ ಉತ್ತರ ಹೊಳೆದರೂ ಯಾವ ಮನೆಗೆ ತುಂಬೋದು ಅಂತ ಗೊತ್ತಾಗಲ್ಲ. ಅಜ್ಜ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು.

ನೀವು ದೂರ ಇದ್ದರೆ ಇಂಥದ್ದು ಕಣ್ಣಿಗೆ ಬೀಳೋದು ಕಡಿಮೆ. ಹಾಗಾಗಿ ಮನೆಯಲ್ಲಿ ಇರುವವರನ್ನು ಕೇಳಿ. "ಅಜ್ಜನಿಗೆ ಏನು ಬೇಕು" ಅಂತ ಕೇಳಿದರೆ "ಏನೂ ಬೇಡ" ಅನ್ನುತ್ತಾರೆ. "ಈಚೆಗೆ ಅಜ್ಜ ಯಾವುದನ್ನು ಬಿಟ್ಟಿದ್ದಾರೆ" ಅಂತ ಕೇಳಿ ನೋಡಿ. ಅಜ್ಜಿ ಲೆಕ್ಕ ಹಾಕಿ ಹೇಳುತ್ತಾರೆ.

ಇನ್ನೊಂದು ಮಾತು. ಕಣ್ಣಿನ ವಿಷಯವಾದರೆ ಉಡುಗೊರೆಗೂ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಬೇಕು. ಕನ್ನಡಕದ ನಂಬರ್ ಬದಲಾಗಿರಬಹುದು, ಪೊರೆ ಬಂದಿರಬಹುದು. ನೆಟ್ಟಗಿರುವ ಗೆರೆ ಡೊಂಕಾಗಿ ಕಾಣುತ್ತಿದ್ದರೆ, ಓದುವ ಪದದ ನಡುವೆಯೇ ಮಸುಕು ಚುಕ್ಕೆ ಇದ್ದರೆ, ದೃಷ್ಟಿ ದಿಢೀರ್ ಅಂತ ಕಡಿಮೆಯಾಗಿದ್ದರೆ ಒಂದು ದಿನವೂ ತಡಮಾಡಬಾರದು. ಅದು ಭೂತಗನ್ನಡಿಯಿಂದ ಸರಿಹೋಗುವ ವಿಷಯ ಅಲ್ಲ. ನಮ್ಮ ಅಜ್ಜನನ್ನು ಚಿಕ್ಕಪ್ಪ ಕರೆದುಕೊಂಡು ಹೋಗಿ ತೋರಿಸಿದರು. ಹೊಸ ಕನ್ನಡಕ ಬಂತು. ಸುಳಿವು ಪರವಾಗಿಲ್ಲ ಅನ್ನುವಷ್ಟು ಕಂಡಿತು, ಅಂಕಿ ಮಾತ್ರ ಕಾಣಲಿಲ್ಲ.

ಆಮೇಲೆ: ಒಂದು ಹಾಳೆ ಓದಿಸಿ

ಈ ಹೆಜ್ಜೆಯನ್ನು ಬಿಡಬೇಡಿ. ಭೂತಗನ್ನಡಿ ಎಷ್ಟು ಪಟ್ಟಿನದು ಇರಬೇಕು, ನಿಮ್ಮ ಕೈಬರಹ ಎಷ್ಟು ದೊಡ್ಡದಿರಬೇಕು, ಎರಡೂ ಇದರಿಂದಲೇ ಗೊತ್ತಾಗುತ್ತೆ.

ಒಂದು ಹಾಳೆಯಲ್ಲಿ ಹತ್ತು ಸಾಲು ಟೈಪ್ ಮಾಡಿ. ಅಕ್ಷರದ ಅಳತೆ 30 ಪಾಯಿಂಟ್‌ನಿಂದ ಶುರುವಾಗಿ 24, 20, 16, 14, 12, 10, 8, 7, 6 ಅಂತ ಇಳಿಯುತ್ತಾ ಬರಲಿ. ಪ್ರತಿ ಸಾಲಿನ ಮುಂದೆ ಆ ಅಂಕಿಯನ್ನೂ ಬರೆಯಿರಿ. ಒಂದೊಂದು ಸಾಲಿನಲ್ಲೂ ನಾಲ್ಕೈದು ಪದ ಇದ್ದರೆ ಸಾಕು. ಆದರೆ ವಾಕ್ಯ ಬೇಡ, ಬಿಡಿ ಪದಗಳು ಇರಲಿ. ವಾಕ್ಯವಾದರೆ ಅರ್ಧ ಕಂಡರೂ ಮಿಕ್ಕಿದ್ದನ್ನು ಊಹೆ ಮಾಡಿ ಹೇಳಿಬಿಡುತ್ತಾರೆ. ಪದಬಂಧ ಬಿಡಿಸಿ ಪಳಗಿದವರಂತೂ ಹೇಳಿಯೇ ಹೇಳುತ್ತಾರೆ.

ಪದ ಆರಿಸುವಾಗ ನಮ್ಮ ಲಿಪಿಯಲ್ಲಿ ಒಂದು ಅನುಕೂಲ ಇದೆ. ಕೆಲವು ಅಕ್ಷರಗಳ ನಡುವೆ ಇರೋದು ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಮರ ಮತ್ತು ಮಠ ನೋಡಿ, ರ ಒಳಗೆ ಚುಕ್ಕೆ ಬಂದರೆ ಠ. ಹಾಲು ಮತ್ತು ಪಾಲು ಕೂಡ ಹಾಗೇ ಹತ್ತಿರ. ಇಂಥ ಜೋಡಿಯಲ್ಲಿ ಒಂದೊಂದನ್ನು ಸಾಲುಗಳಲ್ಲಿ ಹಾಕಿ. ಅಜ್ಜ ಮಠವನ್ನು ಮರ ಅಂತ ಓದಿದ ಸಾಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ ಅಂತ ಗೊತ್ತಾಗುತ್ತೆ. ಒತ್ತಕ್ಷರ ಇರುವ ಪದಗಳೂ ಒಂದೊಂದು ಇರಲಿ, ಒತ್ತು ಮೊದಲು ಮಸುಕಾಗುತ್ತೆ.

ಹಾಳೆಯನ್ನು ಫೋನಿನಲ್ಲಿ ತೋರಿಸಬಾರದು. ಫೋನಿನಲ್ಲಿ ಅಕ್ಷರ ದೊಡ್ಡದೋ ಚಿಕ್ಕದೋ ಆಗಿಬಿಡುತ್ತೆ. ಅಲ್ಲೇ ಪ್ರಿಂಟ್ ತೆಗೆಸಬೇಕು. ತೆಗೆಸುವಾಗ ಪ್ರಿಂಟ್ ಆಯ್ಕೆಗಳಲ್ಲಿ `Actual size` ಅಥವಾ 100% ಇರಬೇಕು, ಇಲ್ಲದಿದ್ದರೆ ಪುಟಕ್ಕೆ ಹೊಂದಿಸಲು ಅದೇ ಕುಗ್ಗಿಸಿಬಿಡುತ್ತೆ. ಹಾಳೆಯ ಕೆಳಗೆ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಗೆರೆ ಹಾಕಿಡಿ. ಪ್ರಿಂಟ್ ಆದ ಮೇಲೆ ಯಾರಾದರೂ ಸ್ಕೇಲ್ ಇಟ್ಟು ನೋಡಿದರೆ ಅಳತೆ ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತೆ.

ಅಜ್ಜ ಪೇಪರ್ ಓದುವ ಜಾಗದಲ್ಲೇ, ಓದುವ ಕನ್ನಡಕ ಹಾಕಿಕೊಂಡು, ಪೇಪರ್ ಹಿಡಿಯುವಷ್ಟೇ ದೂರದಲ್ಲಿ ಓದಲಿ. ತಡವರಿಸದೆ ಓದಿದ ಕೊನೆಯ ಸಾಲು ನಿಮಗೆ ಬೇಕಾದ್ದು. ಕಷ್ಟಪಟ್ಟು ಓದಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಅಜ್ಜ 16ರ ಸಾಲನ್ನು ನಿಲ್ಲಿಸಿ ನಿಲ್ಲಿಸಿ ಓದಿದರು, 20ರ ಸಾಲನ್ನು ಸಲೀಸಾಗಿ ಓದಿದರು. ಹಾಗಾಗಿ 20. ಆಮೇಲೆ ಅಜ್ಜಿ ಅದೇ ಹಾಳೆಯನ್ನು ಪದಬಂಧದ ಪಕ್ಕದಲ್ಲಿಟ್ಟು ಮನೆಯೊಳಗಿನ ಅಂಕಿ ಯಾವ ಸಾಲಿನಷ್ಟಿದೆ ಅಂತ ನೋಡಿ ಹೇಳಿದರು. 7ರ ಸಾಲಿನಷ್ಟು.

20ನ್ನು 7ರಿಂದ ಭಾಗಿಸಿದರೆ ಹತ್ತಿರ ಹತ್ತಿರ 3. ಅಜ್ಜನಿಗೆ ಬೇಕಾದ್ದು ಮೂರು ಪಟ್ಟು ದೊಡ್ಡದು ಮಾಡುವ ಗಾಜು.

ನಾನು ಮೊದಲು ಕಳಿಸಿದ್ದು ಐದು ಪಟ್ಟಿನದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಪಟ್ಟು ಜಾಸ್ತಿಯಾದಷ್ಟೂ ಗಾಜು ಚಿಕ್ಕದಾಗುತ್ತೆ, ಒಂದು ಸಲಕ್ಕೆ ಎರಡು ಮೂರು ಅಕ್ಷರ ಮಾತ್ರ ಕಾಣುತ್ತೆ. ಕಾಗದಕ್ಕೂ ಗಾಜಿಗೂ ನಡುವಿನ ದೂರವೂ ಕಡಿಮೆಯಾಗುತ್ತೆ. ಐದು ಪಟ್ಟಿನದನ್ನು ಕಾಗದದಿಂದ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿ ಅಲ್ಲಾಡದ ಹಾಗೆ ಹಿಡಿಯಬೇಕು. ಕೈ ಸ್ವಲ್ಪ ನಡುಗುವವರಿಗೆ ಅದು ಆಗದ ಕೆಲಸ. ಮೇಲಾಗಿ ಒಂದು ಕೈ ಗಾಜಿಗೆ, ಒಂದು ಕೈ ಪೇಪರ್‌ಗೆ ಹೋದರೆ ಬರೆಯೋದು ಯಾವ ಕೈಯಲ್ಲಿ?

ಅದಕ್ಕೇ ಎರಡನೇ ಸಲ ಕಾಲಿರುವ ಭೂತಗನ್ನಡಿ ತೆಗೆದುಕೊಂಡೆ. ಮೂರು ಪಟ್ಟಿನದು, ಕಾಗದದ ಮೇಲೆ ಸುಮ್ನೆ ಇಟ್ಟರೆ ಸಾಕು, ಗಾಜು ಸರಿಯಾದ ಎತ್ತರದಲ್ಲಿ ನಿಲ್ಲುತ್ತೆ. ಕಾಲುಗಳ ನಡುವೆ ಪೆನ್ನು ತೂರುವಷ್ಟು ಜಾಗ ಇದೆ. ಒಳಗೆ ಸಣ್ಣ ದೀಪ ಇದೆ. ದೀಪ ಯಾಕೆ ಅಂದರೆ, ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಒಳಗಿನ ಮಸೂರ ಹಳದಿಯಾಗುತ್ತೆ. 20 ವರ್ಷದವರ ಕಣ್ಣೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ 60 ವರ್ಷದವರ ಕಣ್ಣಿಗೆ ಸಿಗುತ್ತೆ. ಬೆಳಕಿಲ್ಲದೆ ಅಕ್ಷರವನ್ನು ಬರೀ ದೊಡ್ಡದು ಮಾಡಿದರೆ ಮಸುಕೂ ದೊಡ್ಡದಾಗುತ್ತೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಬರೆದ "ಮೂರು ಪಟ್ಟು" ಎಲ್ಲ ಕಡೆ ಒಂದೇ ಅಲ್ಲ. ಗಾಜಿನ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಕೆಲವರು ಡಯಾಪ್ಟರ್ ಅನ್ನು 4ರಿಂದ ಭಾಗಿಸಿ ಪಟ್ಟು ಹೇಳುತ್ತಾರೆ, ಕೆಲವರು ಭಾಗಿಸಿದ ಮೇಲೆ ಒಂದನ್ನು ಕೂಡಿಸುತ್ತಾರೆ. ಹೀಗಾಗಿ 12 ಡಯಾಪ್ಟರ್‌ನದೂ ಮೂರು ಪಟ್ಟು, 8 ಡಯಾಪ್ಟರ್‌ನದೂ ಮೂರು ಪಟ್ಟು ಅಂತ ಬರೆದಿರುತ್ತೆ. ಡಯಾಪ್ಟರ್ ಎಷ್ಟು ಅಂತ ನೋಡಿಯೇ ತೆಗೆದುಕೊಳ್ಳಿ. ನಮ್ಮ ಲೆಕ್ಕಕ್ಕೆ ಬೇಕಾದ್ದು 12.

ಕಾಗದದಲ್ಲಿ ಏನು ಬರೆಯಬೇಕು

ಈಗ ಕಾರಣಗಳು ಕೈಯಲ್ಲಿವೆ. ಇವನ್ನೆಲ್ಲ ಒಂದೇ ಕಾಗದದಲ್ಲಿ ತುಂಬಬೇಕು ಅನಿಸುತ್ತೆ. ಬೇಡ. ಕಾಗದದಲ್ಲಿ ನಾಲ್ಕು ವಿಷಯ ಬಂದರೆ ಸಾಕು: ಇದು ಯಾವ ಕೆಲಸಕ್ಕೆ, ಆ ಕೆಲಸ ನನಗೆ ಯಾಕೆ ಮುಖ್ಯ, ಇದನ್ನೇ ಯಾಕೆ ತಂದೆ, ಹೇಗೆ ಬಳಸೋದು.

ಮೊದಲ ಸಾಲಿನಲ್ಲೇ ಕೆಲಸದ ಹೆಸರು ಹೇಳಿಬಿಡಿ. "ನಿಮಗೆ ಕಣ್ಣು ಕಾಣಲ್ಲ" ಅಂತ ಶುರುಮಾಡಿದರೆ ವಸ್ತು ಕಣ್ಣಿನ ತೊಂದರೆಯ ಗುರುತಾಗುತ್ತೆ. ಮನೆಗೆ ಬಂದವರ ಎದುರು ಅದನ್ನು ಮೇಜಿನ ಮೇಲಿಡೋಕೆ ಅಜ್ಜನಿಗೆ ಮನಸ್ಸು ಬರಲ್ಲ. "ಇದು ಪದಬಂಧಕ್ಕೆ" ಅಂದರೆ ಅದು ಪೆನ್ನಿನ ಪಕ್ಕ ಕೂರುವ ಸಾಮಾನು. ನನ್ನ ಎರಡು ಕಾಗದಗಳ ನಡುವೆ ಇದ್ದ ದೊಡ್ಡ ವ್ಯತ್ಯಾಸ ಇದೇ. ವಯಸ್ಸು, ಮುಪ್ಪು, ಪಾಪ, ಕಷ್ಟ, ಈ ಪದಗಳು ಎರಡನೇ ಕಾಗದದಲ್ಲಿ ಒಮ್ಮೆಯೂ ಬಂದಿಲ್ಲ. ಬರೆದು ಮುಗಿಸಿದ ಮೇಲೆ ಈ ನಾಲ್ಕು ಪದಗಳನ್ನು ಹುಡುಕಿ ಹುಡುಕಿ ತೆಗೆದೆ.

ಎರಡನೆಯದು ನಿಮ್ಮ ಪಾಲು. ಅಜ್ಜಂದಿರು ತಮಗೋಸ್ಕರ ಏನನ್ನೂ ಒಪ್ಪಿಕೊಳ್ಳಲ್ಲ, ಮೊಮ್ಮಕ್ಕಳಿಗೋಸ್ಕರ ಒಪ್ಪುತ್ತಾರೆ. ನಿಮಗೆ ಏನು ತಪ್ಪಿಹೋಗಿದೆ ಅಂತ ನಿಜವಾಗಿ ಬರೆಯಿರಿ. ಅದು ನಿಜವಾಗಿದ್ದರೆ ಮಾತ್ರ. ನನಗೆ ಅಜ್ಜನ ಸುಳಿವು ನಿಜಕ್ಕೂ ಬೇಕಿತ್ತು. ದಿನವಿಡೀ ಇನ್ನೊಂದು ಭಾಷೆಯಲ್ಲಿ ಕೆಲಸ ಮಾಡಿ ಬಂದ ಮೇಲೆ ಫೋನಿನಲ್ಲಿ "ಮೂರಕ್ಷರ, ನಡುವೆ ಲ, ಏನು ಹೇಳು" ಅಂತ ಕೇಳಿಸಿಕೊಳ್ಳೋದು ನನಗೆ ಊಟದಷ್ಟೇ ಬೇಕಾದ ವಿಷಯ.

ಮೂರನೆಯದರಲ್ಲಿ ಲೆಕ್ಕ ಹೇಳಿ, ಬೆಲೆ ಹೇಳಬೇಡಿ. "ಯಾಕಮ್ಮಾ ಸುಮ್ನೆ ದುಡ್ಡು ಹಾಳು" ಅನ್ನುವ ಮಾತಿಗೆ ಉತ್ತರ ಬೇಕೇ ಬೇಕು. "ಜಾಸ್ತಿ ಏನಿಲ್ಲ ಅಜ್ಜಾ" ಅಂದರೆ ಅವರು ನಂಬಲ್ಲ. 20ರ ಸಾಲು, 7ರ ಸಾಲು, ಅದಕ್ಕೆ ಮೂರು ಪಟ್ಟು ಅಂದರೆ ಅವರಿಗೆ ಅರ್ಥವಾಗುತ್ತೆ. ಅಳತೆ ತೆಗೆದು ತಂದಿದ್ದಾಳೆ, ಕಣ್ಣುಮುಚ್ಚಿ ತಂದಿದ್ದಲ್ಲ ಅಂತ ಗೊತ್ತಾಗುತ್ತೆ.

ಬಳಸುವ ಕ್ರಮವನ್ನು ಪೆಟ್ಟಿಗೆಯೊಳಗಿನ ಚೀಟಿಗೆ ಬಿಡಬೇಡಿ. ಆ ಚೀಟಿಯ ಅಕ್ಷರ ಅಜ್ಜನಿಗೆ ಕಾಣೋದೇ ಇಲ್ಲ. ಅದೂ ಬೇರೆ ಭಾಷೆಯಲ್ಲಿ ಇರುತ್ತೆ. ನೀವೇ ಮೊದಲು ಬಳಸಿ ನೋಡಿ, ನಾಲ್ಕು ಸಾಲಿನಲ್ಲಿ ಬರೆಯಿರಿ.

ಸಂಬೋಧನೆ ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಇರಲಿ. ಫೋನಿನಲ್ಲಿ "ಅಜ್ಜಾ, ನೀನು" ಅನ್ನುವವರು ಕಾಗದದಲ್ಲಿ ಇದ್ದಕ್ಕಿದ್ದಂತೆ "ಪೂಜ್ಯ ತಾತನವರಿಗೆ, ತಾವು" ಅಂದರೆ ಬೇರೆ ಯಾರೋ ಬರೆದ ಹಾಗಿರುತ್ತೆ.

ಹೇಗೆ ಬರೆಯಬೇಕು: ಪೆನ್ನು, ಹಾಳೆ, ಅಕ್ಷರ

ಕಾಗದವನ್ನು ಅಜ್ಜ ಭೂತಗನ್ನಡಿ ತೆಗೆಯೋದಕ್ಕೂ ಮೊದಲು ಓದುತ್ತಾರೆ. ಹಾಗಾಗಿ ಅದು ಕನ್ನಡಕದಲ್ಲೇ ಕಾಣಬೇಕು. ನಾವು ಅಳತೆ ತೆಗೆದ 20 ಪಾಯಿಂಟ್ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತೆ. 20 ಪಾಯಿಂಟ್ ಅಂದರೆ ಸುಮಾರು 7 ಮಿಲಿಮೀಟರ್. ಅಚ್ಚಿನ ಅಕ್ಷರದಲ್ಲಿ ಮೇಲಿನ ಗುಣಿತ, ಕೆಳಗಿನ ಒತ್ತು ಎಲ್ಲಾ ಸುಮಾರು ಅಷ್ಟರಲ್ಲೇ ಕೂರುತ್ತೆ. ಕೈಬರಹ ಅಚ್ಚಿನಷ್ಟು ಒಂದೇ ಸಮ ಇರಲ್ಲ, ಅದಕ್ಕೆ ನಾನು ಒತ್ತು ಬಿಟ್ಟು ಅಕ್ಷರವನ್ನೇ 7 ಮಿಲಿಮೀಟರ್ ಬರೆದೆ.

ಸಾಲಿನ ನಡುವೆ ಜಾಗ ಧಾರಾಳವಾಗಿ ಬಿಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಜೋತುಬೀಳುತ್ತೆ, ಕೆಳಗಿನ ಸಾಲಿನ ಗುಡಿಸು, ತಲೆಕಟ್ಟು ಮೇಲಕ್ಕೆ ಏಳುತ್ತೆ. ಜಾಗ ಸಾಲದಿದ್ದರೆ ಎರಡೂ ಒಂದಕ್ಕೊಂದು ತಾಗಿ ಯಾವುದು ಯಾವ ಸಾಲಿನದು ಅಂತ ತಿಳಿಯಲ್ಲ. ಗೆರೆ ಇರುವ ಹಾಳೆಯಾದರೆ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿರಿ.

ಪೆನ್ನು ಕಪ್ಪು, ಮೊನೆ ದಪ್ಪ. ನೀಲಿ ಇಂಕು ಮಂದ ಬೆಳಕಿನಲ್ಲಿ ಕಾಗದದೊಳಗೆ ಸೇರಿಹೋಗುತ್ತೆ. ಹಾಳೆ ಹೊಳೆಯಬಾರದು, ತೆಳ್ಳಗೂ ಇರಬಾರದು. ಒಂದೇ ಮಗ್ಗುಲಿಗೆ ಬರೆಯಿರಿ, ಹಿಂದಿನ ಬರಹ ಈಚೆಗೆ ಕಾಣಬಾರದು. ಪುಟದ ಅಂಕಿಯನ್ನು ಮೇಲೆ ದೊಡ್ಡದಾಗಿ ಹಾಕಿ.

ಇಷ್ಟು ದೊಡ್ಡದಾಗಿ ಬರೆದರೆ ಒಂದು ಎ4 ಹಾಳೆಗೆ ಸುಮಾರು ಹದಿನೈದು ಸಾಲು, ಸಾಲಿಗೆ ನಾಲ್ಕೈದು ಪದ. ಅಂದರೆ ಹಾಳೆಗೆ ಹೆಚ್ಚು ಕಡಿಮೆ ಎಪ್ಪತ್ತು ಪದ. ನನ್ನ ಮೊದಲ ಕರಡು ಒಂಬತ್ತು ಹಾಳೆ ಆಗುತ್ತಿತ್ತು. ಅದನ್ನು ನೋಡಿದ ಮೇಲೆ ನಾನೇ ಕತ್ತರಿಸಲು ಕೂತೆ. ಇಲ್ಲಿಯ ಹವಾಮಾನ, ಕೆಲಸ, ಬರೋದು ಯಾವಾಗ, ಎಲ್ಲಾ ಹೋಯಿತು. ಅವು ಫೋನಿನಲ್ಲಿ ಹೇಳುವ ಮಾತು.

ಕೊನೆಯ ಹಾಳೆ

ಇದು ನನಗೆ ಕೊನೆಗೆ ಹೊಳೆದಿದ್ದು. ಕಾಗದದ ಜೊತೆ ಇನ್ನೊಂದು ಹಾಳೆ ಇಡಿ, ಅದರಲ್ಲಿ ಬೇಕೂಂತಲೇ ಚಿಕ್ಕ ಅಕ್ಷರದಲ್ಲಿ ಬರೆಯಿರಿ. ಭೂತಗನ್ನಡಿ ಇಲ್ಲದೆ ಓದಲಾಗದಷ್ಟು ಚಿಕ್ಕದು. ಅದರಲ್ಲಿ ಇರೋದು ಅಜ್ಜನಿಗೆ ಓದಲೇಬೇಕು ಅನಿಸುವಂಥದ್ದಾಗಿರಲಿ. ಆಗ ವಸ್ತು ಮೊದಲ ದಿನವೇ ಪೆಟ್ಟಿಗೆಯಿಂದ ಹೊರಗೆ ಬರುತ್ತೆ.

ನಾನು ಪದಬಂಧದ ಸುಳಿವುಗಳನ್ನೇ ಬರೆದೆ, ನಾನೇ ಮಾಡಿದ್ದು. ಸುಳಿವಿನ ಹಿಂದೆ ಎಷ್ಟು ಅಕ್ಷರ ಅಂತಲೂ ಹಾಕಿದೆ. ಅವುಗಳಲ್ಲಿ ಮೂರು ಇಲ್ಲಿವೆ:

ಹಿಂದಕ್ಕೆ ಹರಿದ ನದಿ, 24 ಗಂಟೆಗೆ ಮುಗಿಯುತ್ತೆ (2)

ತಿರುಗಿದ ಸರದಲ್ಲಿ ಹಣ್ಣಿನ ಸಾರ (2)

ನಮ್ಮ ಮಾತಿಗೆ ಕೊನೆಯಲ್ಲಿ ಒಂದು ಕ ಸೇರಿಸಿದರೆ ಮೂಗಿನ ಮೇಲೆ ಕೂರುತ್ತೆ (4)

ನಾನು ಕಳಿಸಿದ ಕಾಗದ

ಅಜ್ಜಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ.

ಈ ಪೆಟ್ಟಿಗೆಯಲ್ಲಿ ಇರೋದು ಪದಬಂಧಕ್ಕೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ದಿನಾ ಬೆಳಿಗ್ಗೆ ಒಂದು ಸುಳಿವು ನನಗೇಂತ ಬಿಟ್ಟಿಡುತ್ತಿದ್ದಿರಿ. ಸ್ಕೂಲಿಗೆ ಹೊರಡೋದರೊಳಗೆ ಉತ್ತರ ಹೇಳಬೇಕಿತ್ತು. ಇಲ್ಲಿಗೆ ಬಂದ ಮೇಲೂ ಫೋನಿನಲ್ಲಿ ಕೇಳುತ್ತಿದ್ದಿರಿ. ಈಗ ತುಂಬಾ ದಿನದಿಂದ ಕೇಳಿಲ್ಲ. ನನಗೆ ಅದು ಬೇಕು ಅಜ್ಜಾ.

ಅಜ್ಜಿ ನಿಮ್ಮ ಕೈಲಿ ಒಂದು ಹಾಳೆ ಓದಿಸಿದರಲ್ಲ, ಅದು ನಾನು ಕಳಿಸಿದ್ದು. 20ರ ಸಾಲನ್ನು ನೀವು ಸಲೀಸಾಗಿ ಓದಿದಿರಿ. ಪದಬಂಧದ ಮನೆಯೊಳಗಿನ ಅಂಕಿ 7ರ ಸಾಲಿನಷ್ಟೇ ಇದೆ. ಅದನ್ನು ಮೂರು ಪಟ್ಟು ಮಾಡಿದರೆ ಸರಿಹೋಗುತ್ತೆ. ಅದಕ್ಕೆ ಮೂರು ಪಟ್ಟಿನ ಗಾಜು ತಂದೆ. ಮೊದಲು ಕಳಿಸಿದ್ದು ಐದು ಪಟ್ಟಿನದು, ಅದು ನನ್ನ ತಪ್ಪು.

ಇದಕ್ಕೆ ಕಾಲಿದೆ. ಪೇಪರ್ ಮೇಲೆ ಇಡಿ, ಹಿಡಿಯೋದು ಬೇಡ. ಬರೆಯೋಕೆ ಕೈ ಖಾಲಿ ಇರುತ್ತೆ. ಕಾಲುಗಳ ನಡುವೆ ಪೆನ್ನು ಹೋಗುತ್ತೆ. ನಾನು ಒಂದು ಪದಬಂಧ ಪೂರ್ತಿ ಬರೆದು ನೋಡಿದ್ದೇನೆ.

ಓದುವ ಕನ್ನಡಕ ಹಾಕಿಕೊಂಡೇ ನೋಡಿ. ಮುಖ ಸ್ವಲ್ಪ ಹತ್ತಿರ ತಂದರೆ ಜಾಸ್ತಿ ಮನೆ ಕಾಣುತ್ತೆ. ದೀಪದ ಗುಂಡಿ ಬಲಗಡೆ ಇದೆ, ಮೇಲೆ ಕೆಂಪು ಚುಕ್ಕೆ ಅಂಟಿಸಿದ್ದೇನೆ. ಸೆಲ್ ಚಿಕ್ಕಪ್ಪ ಹಾಕಿಕೊಡುತ್ತಾರೆ. ಕೆಲಸ ಮುಗಿದ ಮೇಲೆ ಗಾಜಿನ ಮೇಲೆ ಬಟ್ಟೆ ಮುಚ್ಚಿ. ಬಿಸಿಲು ಬಿದ್ದರೆ ಕೆಳಗಿರುವ ಕಾಗದ ಹೊತ್ತಿಕೊಳ್ಳಬಹುದು.

ಕೊನೆಯ ಹಾಳೆಯಲ್ಲಿ ಐದು ಸುಳಿವು ಬರೆದಿದ್ದೇನೆ, ಬೇಕೂಂತಲೇ ಚಿಕ್ಕದಾಗಿ. ಭಾನುವಾರ ಫೋನ್ ಮಾಡ್ತೀನಿ. ಉತ್ತರ ಹೇಳಿ.

ನಿಮ್ಮ ಪುಟ್ಟಿ

ಇದು ಮೂರು ಹಾಳೆಯಲ್ಲಿ ಮುಗಿಯಿತು. ಎರಡು ಸಾಲಿನ ಬಗ್ಗೆ ಹೇಳಬೇಕು. ಕನ್ನಡಕದ ಮಾತು ಯಾಕೆ ಅಂದರೆ, ಭೂತಗನ್ನಡಿ ಇದ್ದರೆ ಕನ್ನಡಕ ಬೇಡ ಅಂತ ತುಂಬಾ ಜನ ತೆಗೆದಿಡುತ್ತಾರೆ. ಕಾಲಿರುವ ಭೂತಗನ್ನಡಿಯಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ, ಓದುವ ಕನ್ನಡಕದ ಜೊತೆಗೇ ಅದು ಸ್ಪಷ್ಟವಾಗಿ ಕಾಣುತ್ತೆ. ಬಿಸಿಲಿನ ಮಾತು ಹೆದರಿಸಲು ಬರೆದಿದ್ದಲ್ಲ. ಕಿಟಕಿಯ ಪಕ್ಕ ಪೇಪರ್ ಮೇಲೆ ಗಾಜು ಬಿಟ್ಟು ಎದ್ದುಹೋದರೆ ಬೆಂಕಿ ಹತ್ತಬಹುದು. ಬಟ್ಟೆಯ ಚೀಲ ಒಂದನ್ನು ಜೊತೆಗೇ ಇಟ್ಟೆ.

ಕಟ್ಟಿ ಕಳಿಸುವಾಗ

ಕಾಗದ ಎಲ್ಲಕ್ಕಿಂತ ಮೇಲಿರಲಿ, ಪೆಟ್ಟಿಗೆ ತೆರೆದ ಕೂಡಲೇ ಕೈಗೆ ಸಿಗಬೇಕು. ಚಿಕ್ಕ ಅಕ್ಷರದ ಹಾಳೆಯನ್ನು ಭೂತಗನ್ನಡಿಯ ಜೊತೆ ಕೆಳಗಿಡಿ. ಕಸ್ಟಮ್ಸ್ ಚೀಟಿಯಲ್ಲಿ ಬರೀ "ಉಡುಗೊರೆ" ಅಂತ ಬರೆದರೆ ಸಾಲದು, ವಸ್ತು ಏನು ಅಂತ ಬರೆಯಬೇಕು. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇರುವುದನ್ನು ವಿಮಾನದ ಅಂಚೆಯಲ್ಲಿ ಕಳಿಸಲು ನಿರ್ಬಂಧಗಳಿವೆ. ಹಾಗಾಗಿ ಮಾಮೂಲಿ ಪೆನ್ ಸೆಲ್ ಹಾಕುವಂಥದ್ದನ್ನೇ ಆರಿಸಿ, ಸೆಲ್ ಇಲ್ಲದೆ ಕಳಿಸಿ. ಆದರೆ ಸೆಲ್ ಇಲ್ಲದೆ ದೀಪ ಹತ್ತದಿದ್ದರೆ "ಕೆಟ್ಟುಹೋಗಿದೆ" ಅಂತ ಬೀರು ಸೇರುತ್ತೆ. ಪೆಟ್ಟಿಗೆ ತಲುಪುವ ಮೊದಲೇ ಮನೆಯಲ್ಲಿ ಯಾರಾದರೂ ಸೆಲ್ ತಂದಿಟ್ಟಿರಬೇಕು.

ಭಾನುವಾರದ ಫೋನ್

"ಇಷ್ಟ ಆಯ್ತಾ" ಅಂತ ಕೇಳಬೇಡಿ. ಹೂಂ ಅಂದುಬಿಡುತ್ತಾರೆ, ನಿಮಗೆ ಏನೂ ತಿಳಿಯಲ್ಲ. "ಎರಡನೇ ಸುಳಿವು ಓದಿ" ಅನ್ನಿ. ಓದುವಾಗಲೇ ತೊಂದರೆ ಹೊರಗೆ ಬರುತ್ತೆ. ಎಲ್ಲಾ ಮಸುಕು ಅಂದರೆ ಕನ್ನಡಕ ತೆಗೆದಿದ್ದಾರೆ, ಅಥವಾ ದೂರ ನೋಡುವ ಕನ್ನಡಕ ಹಾಕಿದ್ದಾರೆ. ಒಂದೆರಡು ಅಕ್ಷರ ಬಿಟ್ಟು ಏನೂ ಕಾಣಲ್ಲ ಅಂದರೆ ಮುಖ ಗಾಜಿನಿಂದ ತುಂಬಾ ದೂರ ಇದೆ. ಬಿಳಿ ಹೊಳಪು ಕಣ್ಣಿಗೆ ಹೊಡೆಯುತ್ತೆ ಅಂದರೆ ಹೊಳೆಯುವ ಕಾಗದದ ಮೇಲೆ ದೀಪ ಬಿದ್ದಿದೆ, ಆರಿಸಿ ನೋಡಲಿ. ಇಷ್ಟಾದರೂ ಪದದ ನಡುವಿನ ಅಕ್ಷರ ಮಾಯವಾಗುತ್ತೆ ಅಂದರೆ ಮತ್ತೆ ಡಾಕ್ಟರ್ ಹತ್ತಿರವೇ ಹೋಗಬೇಕು.

ನಮ್ಮ ಅಜ್ಜ ಫೋನ್ ತೆಗೆದವರೇ ನಮಸ್ಕಾರವನ್ನೂ ಹೇಳಲಿಲ್ಲ.

"ದಿನ, ರಸ, ಕನ್ನಡಕ. ಕನ್ನಡಕದ್ದು ಸುಳಿವೇ ಅಲ್ಲ ಪುಟ್ಟಿ. ಕೊನೇ ಅಕ್ಷರಾನ ನೀನೇ ಬಾಯ್ಬಿಟ್ಟು ಹೇಳಿದೀಯ. ಹಾಗೆ ಕೊಡಬಾರದು."

"ಸರಿ ಅಜ್ಜಾ."

"ಪೆನ್ನು ಇದೆಯಾ? ಬರ್ಕೋ. ಎಡದಿಂದ ಬಲಕ್ಕೆ 9. ಅಂಕಿ ಕಾಣ್ತಿದೆ ಈಗ, ಒಂಬತ್ತೇ. ಆನೆ ಹಿಂದಿರುಗಿದರೆ ಲೋಕ, ಎರಡಕ್ಷರ."